ಹೊಸ ಸ್ವಿಫ್ಟೋ, ಮೂರು ವರ್ಷದ ಸಿಯಾಜೋ? ಮೂರ್ನಾಡಿನ ಕಡೆಯಿಂದ ಮೊದಲ ಕಾರು ಕೊಂಡ ಕಥೆ

ಕೈಗೆ ಬರುವ ಸಂಬಳ 36,000. ಮಡಿಕೇರಿಯಲ್ಲಿ ಕೆಲಸ, ಮನೆ ಮೂರ್ನಾಡಿನಿಂದ ಒಳಗೆ ತೋಟದ ದಾರಿಯಲ್ಲಿ. ಇಷ್ಟು ವರ್ಷ ಸ್ಕೂಟರ್‌ನಲ್ಲೇ ಓಡಾಡಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆಯಲ್ಲಿ ಸ್ಕೂಟರ್ ಓಡಿಸುವುದು ಏನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಅಪ್ಪನ ಮಂಡಿನೋವಿಗೆ ಮೈಸೂರಿಗೆ ಹೋಗಿಬರುವ ಬಾಡಿಗೆ ಕಾರಿನ ಖರ್ಚೂ ಏರುತ್ತ ಬಂದಿತ್ತು. ಚೀಟಿ ಎತ್ತಿದ ದುಡ್ಡು ಮತ್ತು ಉಳಿತಾಯ ಸೇರಿ ಎರಡೂವರೆ ಲಕ್ಷ ಇತ್ತು. ಉಳಿದದ್ದು ಸಾಲ.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 18ಕ್ಕೆ ಇಳಿಯಿತು. ಮೊದಲು ಸೆಸ್ ಸೇರಿ 29 ಇತ್ತು. ನಾಲ್ಕು ಮೀಟರ್‌ಗಿಂತ ಚಿಕ್ಕದು, ಎಂಜಿನ್ 1200 ಸಿಸಿ ಒಳಗೆ ಇದ್ದರೆ ಈ ಲೆಕ್ಕ. ಸ್ವಿಫ್ಟ್‌ನ ಮಧ್ಯದ ಮಾಡೆಲ್ ಎಕ್ಸ್ ಶೋರೂಮ್ 6.60 ಲಕ್ಷದ ಹತ್ತಿರ ಬಂತು, ಅಂದರೆ ಅರವತ್ತು ಸಾವಿರಕ್ಕೂ ಹೆಚ್ಚು ಇಳಿಕೆ. ನಾನು ಅದನ್ನೇ ಕೊಳ್ಳುವುದೆಂದು ಇದ್ದಾಗ ಕುಶಾಲನಗರದ ದೊಡ್ಡಪ್ಪನ ಮಗ ಫೋನ್ ಮಾಡಿದ. "ಅದೇ ದುಡ್ಡಿಗೆ ಸಿಯಾಜ್ ಸಿಗ್ತದೆ ಮಾರಾಯ. ಮೂರು ವರ್ಷದ್ದು. ಹಿಂದೆ ಕೂತವರಿಗೆ ಕಾಲು ಚಾಚೋಕೆ ಜಾಗ. ಅಪ್ಪನ್ನ ಮೈಸೂರಿಗೆ ಕರ್ಕೊಂಡು ಹೋಗೋದು ಇದ್ಯಲ್ಲ?"

ಮಾತು ಸುಳ್ಳಲ್ಲ. ಸಿಯಾಜ್ ಉದ್ದ 4,490 ಮಿಲಿಮೀಟರ್, ಎಂಜಿನ್ 1.5 ಲೀಟರ್, ಡಿಕ್ಕಿ 510 ಲೀಟರ್. ಸ್ವಿಫ್ಟ್‌ನ ಡಿಕ್ಕಿ 265. ಅಪ್ಪ ಹಿಂದಿನ ಸೀಟಿನಲ್ಲಿ ಮಂಡಿ ಮಡಚದೆ ಕೂರಬಹುದೆನ್ನುವುದೊಂದೇ ಕಾರಣಕ್ಕೆ ನಾನು ಆ ಕಡೆ ವಾಲಿದೆ. ಮೈಸೂರಿನಲ್ಲಿ ಒಬ್ಬರು ಮಾಲೀಕರು 2022ರ ಜೂನ್‌ನಲ್ಲಿ ನೋಂದಣಿಯಾದ ಸಿಯಾಜ್ ಮಾರುತ್ತಿದ್ದರು. ಕೇಳಿದ್ದು 7.75 ಲಕ್ಷ.

ಅಲ್ಲಿಗೆ ಹೋಗುವ ಮೊದಲೇ ಒಂದು ಪರೀಕ್ಷೆ ಮಾಡಿದೆ. ನಮ್ಮ ಕಡೆಯವರು ಯಾರೇ ಸಿಯಾಜ್‌ನಂಥ ಉದ್ದ ಡಿಕ್ಕಿಯ ಸೆಡಾನ್ ಕೊಳ್ಳುವುದಿದ್ದರೂ ಇದನ್ನು ಮಾಡಿಯೇ ಮುಂದೆ ಹೋಗಲಿ. ಆಫೀಸಿನಲ್ಲಿ ಒಬ್ಬರ ಹತ್ತಿರ ಸಿಯಾಜ್ ಇದೆ. ಒಂದು ಭಾನುವಾರ ಅವರನ್ನೇ ಓಡಿಸಲು ಹೇಳಿ, ಅಪ್ಪ, ಅವ್ವ, ನಾನು, ಪಕ್ಕದ ಮನೆಯ ಅಣ್ಣ ಎಲ್ಲ ಹತ್ತಿಕೊಂಡು ಮನೆಯವರೆಗೆ ಬಂದೆವು. ಪಂಚಾಯಿತಿಯ ಕಾಂಕ್ರೀಟ್ ಮುಗಿದ ಮೇಲೆ ನಮ್ಮದು ಕಲ್ಲು ಹಾಸಿದ ಏರು. ನಡುವೆ ನೀರು ಹರಿಯುವ ಅಡ್ಡ ಚರಂಡಿ, ಆಮೇಲೆ ಗೇಟಿನ ಮುಂದೆ ಹೇರ್‌ಪಿನ್‌ನಂಥ ತಿರುವು.

ಕಂಪನಿಯ ಲೆಕ್ಕದಲ್ಲಿ ಸಿಯಾಜ್‌ನ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಕಾರಿನ ಹೊಟ್ಟೆಯ ಎತ್ತರ, 170 ಮಿಲಿಮೀಟರ್, ಸ್ವಿಫ್ಟ್‌ನದು 163. ಅಂಕಿ ನೋಡಿದರೆ ಸೆಡಾನೇ ಮೇಲು. ಆದರೆ ಚರಂಡಿಯಲ್ಲಿ ಮುಂದಿನ ಚಕ್ರ ಇಳಿದು ಹತ್ತುವಾಗ ಬಂಪರ್‌ನ ತಳ ಕಲ್ಲಿಗೆ ಕರ್ರೆಂದಿತು. ಮುಂದೆ ಹೋಗಿ ಹಿಂದಿನ ಚಕ್ರ ಇಳಿದಾಗ ಹಿಂಭಾಗವೂ ತಾಗಿತು. ಕಾರಣ ಹೊಟ್ಟೆಯ ಎತ್ತರದಲ್ಲಿಲ್ಲ, ಮೂತಿ ಮತ್ತು ಬಾಲದಲ್ಲಿದೆ. ಸಿಯಾಜ್‌ನ ಎರಡು ಚಕ್ರಗಳ ನಡುವಿನ ಅಂತರ, ಅಂದರೆ ವೀಲ್‌ಬೇಸ್, 2,650 ಮಿಲಿಮೀಟರ್. ಒಟ್ಟು ಉದ್ದದಲ್ಲಿ ಅದನ್ನು ಕಳೆದರೆ 1,840 ಮಿಲಿಮೀಟರ್ ಚಕ್ರಗಳ ಆಚೆ ಚಾಚಿಕೊಂಡಿದೆ. ಸ್ವಿಫ್ಟ್‌ನ ಉದ್ದ 3,860, ವೀಲ್‌ಬೇಸ್ 2,450. ಆಚೆ ಚಾಚುವುದು 1,410 ಮಾತ್ರ. ಅಂದರೆ ಸೆಡಾನ್‌ನದು ಒಂದೂಕಾಲು ಅಡಿಗಿಂತ ಹೆಚ್ಚು. ಹಿಂದೆ ಮೂವರು ಕೂತು ಡಿಕ್ಕಿಯಲ್ಲಿ ಸಾಮಾನಿದ್ದರೆ ಆ ಬಾಲ ಇನ್ನೂ ಕೆಳಗೆ ಬರುತ್ತದೆ. ಪೇಪರಿನ 170 ಖಾಲಿ ಕಾರಿನದು.

ತಿರುವಿನಲ್ಲೂ ಹಾಗೇ. ಸಿಯಾಜ್‌ನ ಟರ್ನಿಂಗ್ ರೇಡಿಯಸ್ 5.4 ಮೀಟರ್, ಸ್ವಿಫ್ಟ್‌ನದು 4.8. ನಮ್ಮ ಗೇಟಿನ ಮುಂದೆ ಸಿಯಾಜ್ ಒಮ್ಮೆಗೆ ತಿರುಗಲಿಲ್ಲ, ರಿವರ್ಸ್ ಹಾಕಿಯೇ ಒಳಗೆ ಬಂದದ್ದು. ಒಂದು ಕಡೆ ಮಣ್ಣಿನ ಬರೆ, ಇನ್ನೊಂದು ಕಡೆ ಕಾಫಿ ಗಿಡಗಳ ಇಳಿಜಾರು. ಹೊಸದಾಗಿ ಓಡಿಸುವವನಿಗೆ, ಅದೂ ಜುಲೈ ಮಳೆಯಲ್ಲಿ ರಾತ್ರಿ, ಇದು ದಿನವೂ ಮಾಡುವ ಕೆಲಸವಲ್ಲ. ಆದರೂ ನಾನು ಸೆಡಾನ್ ಆಸೆ ಬಿಡಲಿಲ್ಲ. ಚರಂಡಿಗೆ ಎರಡು ಚಪ್ಪಡಿ ಹಾಕಿದರೆ ಆಯಿತು ಅಂದರು ಅಪ್ಪ. ಅದೂ ಸರಿಯೇ.

ಹೊರಟೆವು ಮೈಸೂರಿಗೆ. ಜೊತೆಗೆ ಮೂರ್ನಾಡಿನ ಮೆಕ್ಯಾನಿಕ್ ಅಣ್ಣ ಬಂದರು. ಅವರ ಒಂದು ದಿನದ ಕೂಲಿ, ಊಟ, ಬಸ್ ಸೇರಿ ಎರಡು ಸಾವಿರದ ಮೇಲಾಯಿತು. ಕೊಡಬಹುದಾದ ದುಡ್ಡು.

ಕಾರು ಹೊರಗಿನಿಂದ ಫಳಫಳ. ಮೊದಲ ಒಂದೂವರೆ ವರ್ಷ ಬೆಂಗಳೂರಿನಲ್ಲಿತ್ತು ಎಂದು ಮಾಲೀಕರೇ ಹೇಳಿದರು. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು ಕಡೆ ಕಾರುಗಳು ನೀರಿನಲ್ಲಿ ಮುಳುಗಿದ್ದು ನೆನಪಿರಬಹುದು. ಅದಕ್ಕೇ ಅಣ್ಣ ಮೊದಲು ಸೀಟ್ ಬೆಲ್ಟ್ ಹಿಡಿದು ಕೊನೆಯವರೆಗೂ ಎಳೆದರು. ನೀರು ಕುಡಿದ ಕಾರಾದರೆ ಬೆಲ್ಟ್‌ನ ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ, ಎಷ್ಟು ತೊಳೆದರೂ ಅಲ್ಲಿಗೆ ಯಾರೂ ಕೈಹಾಕುವುದಿಲ್ಲ. ಆಮೇಲೆ ಸೀಟಿನ ಅಡಿಯ ಹಳಿ, ಅದರ ಬೋಲ್ಟ್‌ಗಳ ತುಕ್ಕು, ಸ್ಟೆಪ್ನಿ ಇಡುವ ಗುಂಡಿ, ಮ್ಯಾಟ್ ಎತ್ತಿ ವಾಸನೆ. ಎಲ್ಲ ಚೊಕ್ಕವಾಗಿತ್ತು. ಟೈರ್‌ಗಳ ಬದಿಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನಾಲ್ಕೂ 2022ರವು, ಸವೆದಿದ್ದವು. ಒಂದಕ್ಕೆ ಐದಾರು ಸಾವಿರ ಎಂದು ಬರೆದುಕೊಂಡೆ.

ಬಾನೆಟ್ ತೆಗೆದಾಗ ಅಣ್ಣ ಸುಮ್ಮನಾದರು. ಮುಂದಿನ ಫೆಂಡರ್ ಕಚ್ಚಿಸುವ ಬೋಲ್ಟ್‌ಗಳ ತಲೆಯ ಮೇಲೆ ಬಣ್ಣ ಕಿತ್ತಿತ್ತು. ಕಾರ್ಖಾನೆಯಲ್ಲಿ ಬೋಲ್ಟ್ ಹಾಕಿದ ಮೇಲೆ ಬಣ್ಣ ಹೊಡೆಯುತ್ತಾರೆ, ಆದ್ದರಿಂದ ಸ್ಪ್ಯಾನರ್ ತಾಗಿದರೆ ತಿಳಿಯುತ್ತದೆ. "ಎಲ್ಲಾದ್ರೂ ಗುದ್ದಿತ್ತಾ ಸರ್?" ಎಂದು ಕೇಳಿದರು. "ಬಂಪರ್ ಸ್ವಲ್ಪ ಗೀರಿತ್ತು, ಅಷ್ಟೇ" ಅಂದರು ಮಾಲೀಕರು.

ಈಗ ನಾನು ಹೇಳಲೇಬೇಕೆಂದಿರುವ ವಿಷಯ. ಇನ್ಶುರೆನ್ಸ್ ಪಾಲಿಸಿಯ ಪ್ರತಿ ಕೇಳಿ. ಆರ್‌ಸಿ ಎಲ್ಲರೂ ನೋಡುತ್ತಾರೆ, ಪಾಲಿಸಿಯನ್ನು ದಿನಾಂಕಕ್ಕಷ್ಟೇ ನೋಡಿ ಬಿಡುತ್ತಾರೆ. ಅದರಲ್ಲಿ ನೋ ಕ್ಲೇಮ್ ಬೋನಸ್ ಎಂಬ ಸಾಲೊಂದಿದೆ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಮುಂದಿನ ನವೀಕರಣದಲ್ಲಿ ಶೇ. 20, ಎರಡು ವರ್ಷಕ್ಕೆ 25, ಮೂರು ವರ್ಷಕ್ಕೆ 35 ರಿಯಾಯಿತಿ. ಕ್ಲೇಮ್ ಮಾಡಿದರೆ ಸೊನ್ನೆಗೆ ಇಳಿದು ಮತ್ತೆ ಮೊದಲಿನಿಂದ. 2022ರ ಜೂನ್‌ನ ಕಾರಿಗೆ ಒಮ್ಮೆಯೂ ಕ್ಲೇಮ್ ಆಗಿರದಿದ್ದರೆ 2025ರ ಜೂನ್‌ನ ಪಾಲಿಸಿಯಲ್ಲಿ 35 ಇರಬೇಕು. ಇದರಲ್ಲಿ 20 ಇತ್ತು. ಅಂದರೆ 2024ರ ಜೂನ್‌ನಿಂದ 2025ರ ಜೂನ್‌ವರೆಗೆ ಕ್ಲೇಮ್ ಆಗಿಲ್ಲ, ಆದರೆ ಅದರ ಹಿಂದಿನ ವರ್ಷ ವಿಮೆಯಿಂದ ದುಡ್ಡು ತೆಗೆದಿದ್ದಾರೆ. ಬಂಪರ್ ಗೀರಿದ್ದಕ್ಕೆ ಯಾರೂ ಬೋನಸ್ ಕಳೆದುಕೊಳ್ಳುವುದಿಲ್ಲ ಎಂದೇನಿಲ್ಲ, ಆದರೆ ಪ್ರಶ್ನೆ ಕೇಳಲು ಇದೇ ಸಾಕು.

ಮಾಲೀಕರನ್ನು ಕರೆದುಕೊಂಡೇ ಕಂಪನಿಯ ಅಧಿಕೃತ ವರ್ಕ್‌ಶಾಪ್‌ಗೆ ಹೋದೆವು. ನೋಂದಣಿ ಸಂಖ್ಯೆ ಕೊಟ್ಟರೆ ಹಿಂದಿನ ಸರ್ವಿಸ್‌ಗಳ ಪಟ್ಟಿ ತೆಗೆಯುತ್ತಾರೆ. ಬೇರೆಯವರು ಕೇಳಿದರೆ ಕೊಡದೆಯೂ ಇರಬಹುದು, ಮಾಲೀಕರು ಜೊತೆಗಿದ್ದರೆ ತಕರಾರಿಲ್ಲ. ಪಟ್ಟಿಯಲ್ಲಿ 2023ರ ಕೊನೆಗೆ ಬಾಡಿ ಕೆಲಸ: ಬಂಪರ್, ಬಾನೆಟ್, ಎರಡು ಹೆಡ್‌ಲ್ಯಾಂಪ್, ರೇಡಿಯೇಟರ್, ಅದನ್ನು ಹಿಡಿದಿಡುವ ಚೌಕಟ್ಟು. ಏರ್‌ಬ್ಯಾಗ್ ಬದಲಾಯಿಸಿದ್ದು ಇರಲಿಲ್ಲ, ಚಾಸಿ ಕೆಲಸವೂ ಇರಲಿಲ್ಲ. ಕಿಲೋಮೀಟರ್ ಓದು ಪ್ರತಿ ಸರ್ವಿಸ್‌ಗೂ ಸರಿಯಾಗಿ ಏರುತ್ತ ಬಂದಿತ್ತು, ಮೀಟರ್ ತಿರುಗಿಸಿಲ್ಲ.

"ಓಡೋಕೆ ತೊಂದ್ರೆ ಇಲ್ಲ. ರಿಪೇರಿ ನೀಟಾಗಿದೆ. ಆದ್ರೆ ಗುದ್ದದ ಕಾರಿನ ರೇಟು ಕೊಡ್ಬೇಡಿ" ಎಂದರು ಅಣ್ಣ. ಮಾಲೀಕರು ತುಸು ಮುಖ ಸಣ್ಣ ಮಾಡಿಕೊಂಡು 7.40ಕ್ಕೆ ಇಳಿದರು. ಅದಕ್ಕಿಂತ ಒಂದು ರೂಪಾಯಿ ಕಡಿಮೆ ಇಲ್ಲ. ಯೋಚಿಸಿ ಹೇಳುತ್ತೇನೆಂದು ಬಂದೆ. ಅವರು ಮೊದಲೇ ಹೇಳಿದ್ದರೆ ಬಹುಶಃ ಅಂದೇ ಟೋಕನ್ ಕೊಡುತ್ತಿದ್ದೆ. ಕಾರಿನ ಮೇಲೆ ಸಂಶಯವಿರಲಿಲ್ಲ, ಮಾತಿನ ಮೇಲೆ ಬಂತು.

ಆಮೇಲೆ ಬ್ಯಾಂಕ್. ಹೊಸ ಕಾರಿಗೆ 5.5 ಲಕ್ಷ ಸಾಲ, ಶೇ. 9, ಐದು ವರ್ಷ, ತಿಂಗಳಿಗೆ 11,417. ಇದು ಸುಲಭವಾಗಿ ಒಪ್ಪಿಗೆಯಾಯಿತು. ಹಳೆಯದಕ್ಕೆ ಬಡ್ಡಿ ಶೇ. 13. ಅದಕ್ಕಿಂತ ದೊಡ್ಡ ಸಮಸ್ಯೆ, ಬ್ಯಾಂಕ್ ನಾವು ಮಾತಾಡಿದ ಬೆಲೆಗೆ ಸಾಲ ಕೊಡುವುದಿಲ್ಲ. ತಮ್ಮ ವ್ಯಾಲ್ಯೂಯರ್‌ನನ್ನು ಕಳಿಸಿ ಬೆಲೆ ಕಟ್ಟಿಸುತ್ತಾರೆ. ಅವರು ಕಟ್ಟಿದ್ದು 6.60 ಲಕ್ಷ, ಅದರ ಶೇ. 80, ಅಂದರೆ 5.28 ಲಕ್ಷ ಸಾಲ. ಕಂತು ತಿಂಗಳಿಗೆ 12,014. ಸಾಲ ಕಡಿಮೆ, ಕಂತು ಹೆಚ್ಚು! ಐದು ವರ್ಷಕ್ಕೆ ಬಡ್ಡಿಯೇ 1.93 ಲಕ್ಷ. ಹೊಸದಕ್ಕೆ 1.35 ಲಕ್ಷ.

ಕೈಯಿಂದ ಹಾಕಬೇಕಾದದ್ದು 7.40ರಲ್ಲಿ 5.28 ಕಳೆದು 2.12 ಲಕ್ಷ. ಅದರ ಮೇಲೆ ಟೈರ್‌ಗೆ ಇಪ್ಪತ್ತಮೂರು ಸಾವಿರ, ಎಣ್ಣೆ, ಬ್ರೇಕ್ ಎಲ್ಲ ನೋಡಿಸಿ ಒಂದು ಸರ್ವಿಸ್, ಹೆಸರು ವರ್ಗಾವಣೆ, ವಿಮೆ. ಎರಡೂವರೆ ಲಕ್ಷ ಅಲ್ಲಿಗೆ ಮುಗಿಯಿತು. ಸೆಡಾನ್ ಅಗ್ಗ ಎನ್ನುವ ಮಾತು ಸಾಲ ಮಾಡದೆ ಪೂರ್ತಿ ದುಡ್ಡು ಕೊಟ್ಟು ಕೊಳ್ಳುವವರಿಗೆ ನಿಜವಿರಬಹುದು. ನನ್ನಂಥವರಿಗೆ ಅಲ್ಲ. ಹೊಸ ಕಾರಿನ ಜಿಎಸ್‌ಟಿ ಇಳಿದ ಮೇಲೂ ಹಳೆಯದರ ಮಾಲೀಕರು ಆಗಸ್ಟ್‌ನ ದರವನ್ನೇ ಹೇಳುತ್ತಿದ್ದರು ಎನ್ನುವುದೂ ಒಂದು ಕಾರಣ.

ದಾಖಲೆಗಳಲ್ಲಿ ಕೊಡಗಿನವರಿಗೆ ಬರುವ ಒಂದು ತೊಡಕು: ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16, ಆಧಾರ್, ಪ್ಯಾನ್ ಎಲ್ಲ ಇತ್ತು. ಮನೆ ನೋಡಲು ಬಂದ ಹುಡುಗ ಮನೆಯ ಮಾಲೀಕತ್ವದ ಕಾಗದ ಕೇಳಿದ. ನಮ್ಮದು ಇಡೀ ಕುಟುಂಬಕ್ಕೆ ಸೇರಿದ ಜಮ್ಮಾ ಜಾಗ, ಪಹಣಿಯಲ್ಲಿ ಕುಟುಂಬದ ಪರವಾಗಿ ಪಟ್ಟೇದಾರರಾದ ದೊಡ್ಡಪ್ಪನ ಹೆಸರು, ಕರೆಂಟ್ ಬಿಲ್ ಕೂಡ ಅವರದೇ. ಬೆಂಗಳೂರಿನ ಅವನಿಗೆ ಇದನ್ನು ತಿಳಿಸಲು ಅರ್ಧ ಮಧ್ಯಾಹ್ನ ಹೋಯಿತು. ಕೊನೆಗೆ ನನ್ನ ಆಧಾರ್ ವಿಳಾಸ, ರೇಷನ್ ಕಾರ್ಡ್, ಕುಟುಂಬದ ಮನೆಯಲ್ಲೇ ಇದ್ದೇನೆಂದು ದೊಡ್ಡಪ್ಪ ಬರೆದುಕೊಟ್ಟ ಪತ್ರ, ಕರೆಂಟ್ ಬಿಲ್ ನಾಲ್ಕೂ ಸೇರಿಸಿದ ಮೇಲೆ ಒಪ್ಪಿದರು. ಆ ಪತ್ರವನ್ನು ಮೊದಲೇ ಸಿದ್ಧ ಮಾಡಿಟ್ಟುಕೊಂಡರೆ ಒಂದು ವಾರ ಉಳಿಯುತ್ತದೆ.

ಇನ್ನೂ ಮನಸ್ಸು ತೂಗುತ್ತಿತ್ತು. ತೀರ್ಮಾನವಾದದ್ದು ಮಡಿಕೇರಿಯ ಏರಿನಲ್ಲಿ. ಟೆಸ್ಟ್ ಡ್ರೈವ್‌ಗೆ ಸ್ವಿಫ್ಟ್ ಕೊಟ್ಟಾಗ ಬೇಕೆಂದೇ ಏರಿನ ನಡುವೆ ನಿಲ್ಲಿಸಿದೆ. ಬ್ರೇಕ್ ಬಿಟ್ಟು ಕ್ಲಚ್ ಎತ್ತುವವರೆಗೆ ಒಂದೆರಡು ಸೆಕೆಂಡ್ ಕಾರು ತಾನೇ ನಿಂತಿತು. ಹಿಲ್ ಹೋಲ್ಡ್ ಎಂಬುದು. 2024ರಲ್ಲಿ ಬಂದ ಸ್ವಿಫ್ಟ್‌ನ ಎಲ್ಲ ಮಾಡೆಲ್‌ಗಳಲ್ಲೂ ಇದು, ಸ್ಕಿಡ್ ತಡೆಯುವ ಇಎಸ್‌ಪಿ ಮತ್ತು ಆರು ಏರ್‌ಬ್ಯಾಗ್ ಇವೆ. ಸಿಯಾಜ್‌ನ ಮ್ಯಾನ್ಯುಯಲ್ ಗೇರ್‌ಗೆ ಇಎಸ್‌ಪಿ, ಹಿಲ್ ಹೋಲ್ಡ್ ಬಂದದ್ದು 2023ರ ಫೆಬ್ರವರಿಯಲ್ಲಿ. ನಾನು ನೋಡಿದ್ದು 2022ರದ್ದು, ಅದರಲ್ಲಿ ಇಲ್ಲ, ಏರ್‌ಬ್ಯಾಗ್ ಎರಡೇ. ಹಳೆಯ ಸಿಯಾಜ್ ನೋಡುವವರು ಈ ತಿಂಗಳನ್ನು ನೆನಪಿಡಿ. ನುರಿತವರಿಗೆ ಹಿಲ್ ಹೋಲ್ಡ್ ಬೇಕಿಲ್ಲ. ಹಿಂದೆ ಕೆಎಸ್‌ಆರ್‌ಟಿಸಿ ಬಸ್ಸು ಮುಟ್ಟುವಂತೆ ನಿಂತಿರುವಾಗ ಏರಿನಲ್ಲಿ ಹೊರಡಬೇಕಾದ ನನಗೆ ಬೇಕು.

ಮುಚ್ಚುಮರೆ ಯಾಕೆ, ಓಡಿಸುವ ಸುಖದಲ್ಲಿ ಸಿಯಾಜ್ ಮೇಲೆಯೇ. 105 ಅಶ್ವಶಕ್ತಿಯ ನಾಲ್ಕು ಸಿಲಿಂಡರ್ ಎಂಜಿನ್ ಏರಿನಲ್ಲಿ ಗೇರ್ ಇಳಿಸದೆ ಹೋಗುತ್ತದೆ. ಸ್ವಿಫ್ಟ್‌ನದು ಮೂರು ಸಿಲಿಂಡರ್, ನಾಲ್ವರು ಕೂತರೆ ಘಾಟಿಯಲ್ಲಿ ಎರಡನೇ ಗೇರ್ ಕೇಳುತ್ತದೆ, ಸದ್ದೂ ಮಾಡುತ್ತದೆ.

ಶೋರೂಮ್‌ನ ಮೊದಲ ಕೊಟೇಶನ್ 8.23 ಲಕ್ಷ. ಇದನ್ನು ಸಾಲು ಸಾಲಾಗಿ ಓದಿ. ಕಾರು 6.60. ಜೀವಿತಾವಧಿ ತೆರಿಗೆ: ನಮ್ಮ ರಾಜ್ಯದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ಶೇ. 14, ಆ ತೆರಿಗೆಯ ಮೇಲೆ ಶೇ. 11 ಸೆಸ್, ಒಟ್ಟು 15.54. ಅಂದರೆ 1.03 ಲಕ್ಷ, ಇದರಲ್ಲಿ ಚೌಕಾಸಿ ಇಲ್ಲ. ನೋಂದಣಿ, ಫಾಸ್ಟ್ಯಾಗ್ ಮುಂತಾದ್ದಕ್ಕೆ ಆರು ಸಾವಿರ. ಇನ್ಶುರೆನ್ಸ್ 36,000. ಉಳಿದ ಹದಿನೆಂಟು ಸಾವಿರ ಆಕ್ಸೆಸರಿ ಕಿಟ್ ಮತ್ತು ಹ್ಯಾಂಡ್ಲಿಂಗ್ ಚಾರ್ಜ್. ಮೊದಲು ಹ್ಯಾಂಡ್ಲಿಂಗ್ ಯಾವುದಕ್ಕೆ ಎಂದು ಕೇಳಿದೆ. ಉತ್ತರ ಹೇಳುವ ಬದಲು ತೆಗೆದರು. ಕಿಟ್ ಬೇಡ ಎಂದೆ, ಅದೂ ಹೋಯಿತು. ಇನ್ಶುರೆನ್ಸ್ ಅವರಲ್ಲೇ ಮಾಡಿಸಬೇಕೆಂಬ ನಿಯಮವಿಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. 1000ದಿಂದ 1500 ಸಿಸಿ ಎಂಜಿನ್‌ಗೆ ಅದು ಜಿಎಸ್‌ಟಿ ಬಿಟ್ಟು 10,640, ಯಾವ ಕಂಪನಿಗೆ ಹೋದರೂ ಒಂದೇ. ವ್ಯತ್ಯಾಸವಿರುವುದು ಸ್ವಂತ ಹಾನಿಯ ಭಾಗದಲ್ಲಿ. ಹೊರಗೆ ವಿಚಾರಿಸಿ 27,000ಕ್ಕೆ ಮಾಡಿಸಿದೆ. ಒಟ್ಟು 7.96 ಲಕ್ಷ.

ದುಡ್ಡು ಪೂರ್ತಿ ಕಟ್ಟುವ ಮೊದಲು ಚಾಸಿ ನಂಬರ್ ಕೇಳಿ ಕಾರನ್ನೇ ನೋಡಿ. ತಯಾರಾದ ತಿಂಗಳು, ವರ್ಷ ಮಾರಾಟ ಪತ್ರದಲ್ಲಿ, ಅಂದರೆ ಫಾರ್ಮ್ 21ರಲ್ಲಿ, ಇರುತ್ತದೆ. ವರ್ಷದ ಕೊನೆಗೆ ಕೊಳ್ಳುವವರು ಇದನ್ನು ಮರೆಯಬಾರದು. ಹುತ್ತರಿ ಹಬ್ಬಕ್ಕೆ ಮುಂಚೆಯೇ ಕೆಎ-12 ನಂಬರಿನಲ್ಲಿ ಕಾರು ಮನೆಗೆ ಬಂತು. ಚರಂಡಿ ದಾಟಿತು, ತಿರುವಿನಲ್ಲಿ ಒಮ್ಮೆಗೆ ಒಳಗೆ ಹೋಯಿತು. ಅಪ್ಪನಿಗೆ ಈಗ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿಕೊಡುತ್ತೇವೆ, ಮೈಸೂರಿನವರೆಗೆ ಅಷ್ಟು ಸಾಕಾಗುತ್ತದೆ. ಅವ್ವ ಅವರ ಹಿಂದೆ ಕೂರುವುದಿಲ್ಲ, ನನ್ನ ಹಿಂದೆ.

ಕುಶಾಲನಗರದ ಅಣ್ಣ ಕೊನೆಗೆ ತಾನೇ ಒಂದು ಸಿಯಾಜ್ ಕೊಂಡ. ಅವನ ಮನೆ ಟಾರು ರಸ್ತೆಗೆ ತಾಗಿಕೊಂಡಿದೆ, ಸಾಲವೂ ಬೇಕಿರಲಿಲ್ಲ, ಅವನಿಗೆ ಅದೇ ಸರಿ. ಪಾಲಿಸಿಯಲ್ಲಿ 35 ಇರುವುದನ್ನು ನೋಡಿಯೇ ಟೋಕನ್ ಕೊಟ್ಟ. ಮಾರುವವರ ಹಳೆಯ ಸಾಲ ತೀರಿದ್ದಕ್ಕೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35, ವರ್ಗಾವಣೆಗೆ 29 ಮತ್ತು 30, ಬಾಕಿ ದಂಡ ಇದೆಯೇ ಎಂದು ನೋಡುವುದು, ಇದೆಲ್ಲ ಮುಗಿಸಿದ ಮೇಲೆ ವಿಮೆ ಕಂಪನಿಯಿಂದ ಫೋನ್ ಬಂತು. ನೋ ಕ್ಲೇಮ್ ಬೋನಸ್ ಕಾರಿನದಲ್ಲ, ಮಾಲೀಕನದು. ಹಳೆಯ ಮಾಲೀಕರು ಅದನ್ನು ತಮ್ಮ ಮುಂದಿನ ಕಾರಿಗೆ ಒಯ್ಯುತ್ತಾರೆ. ಪಾಲಿಸಿಯ ಹೆಸರು ಬದಲಾಯಿಸಲು ಉಳಿದ ತಿಂಗಳುಗಳ ರಿಯಾಯಿತಿಯ ಪಾಲನ್ನು ಕೊಂಡವನು ಕಟ್ಟಬೇಕು. ಸ್ವಂತ ಹಾನಿಯ ಪ್ರೀಮಿಯಂ 14,000 ಇದ್ದರೆ ಅದರ ಶೇ. 35 ಅಂದರೆ 4,900. ಏಳು ತಿಂಗಳು ಉಳಿದಿದ್ದರೆ ಸುಮಾರು 2,860, ಮೇಲೆ ಜಿಎಸ್‌ಟಿ. ಹೆಸರು ಬದಲಾಗಿ ಹದಿನಾಲ್ಕು ದಿನದೊಳಗೆ ಇದನ್ನು ಅರ್ಜಿ ಹಾಕಿ ಮಾಡಿಸಿಕೊಳ್ಳದಿದ್ದರೆ, ಕಾರು ಗುದ್ದಿದ ದಿನ ಸ್ವಂತ ಹಾನಿಯ ಕ್ಲೇಮ್ ತಿರಸ್ಕಾರವಾಗುತ್ತದೆ. ಅಣ್ಣ ಗೊಣಗಿಕೊಂಡೇ ಕಟ್ಟಿದ.